ಅಡಿಕೆಯ ತ್ರಾಸಿಗೆ ನೇತುಬಿದ್ದ ಚೀಲಗಳು

ಕೊಡಗಿನ ಗಡಿಯ ಬೆಟ್ಟಕ್ಕೆ ಎರಡು ದಿನದ ಚಾರಣ ಹೊರಡುವ ಮುನ್ನಾದಿನ, ಅಂದರೆ ಕಳೆದ ಶುಕ್ರವಾರ ಸಂಜೆ, ಬದಿಯಡ್ಕದ ನಮ್ಮ ಮನೆಯ ಅಂಗಳದಲ್ಲಿ ಅಡಿಕೆ ತೂಗುವ ಕೊಕ್ಕೆಯ ತ್ರಾಸಿಗೆ ತಂಡದ ಆರೂ ಮಂದಿಯ ಚೀಲಗಳನ್ನು ಒಂದೊಂದಾಗಿ ನೇತುಹಾಕಿದೆವು. ತಂಡದ ಎಲ್ಲರಿಗೂ ಸೇರಿದ ಸಾಮಾನು, ಎಂದರೆ ಎರಡು ಟೆಂಟ್, ಒಲೆ, ಪಾತ್ರೆ, ಅಕ್ಕಿ-ಬೇಳೆ, ಔಷಧದ ಪೆಟ್ಟಿಗೆ, ಒಟ್ಟು 18 ಕಿಲೋ ಇತ್ತು.

ತಲೆಗೆ ಮೂರು ಕಿಲೋ ಎಂದು ಹಂಚಿಬಿಡುವುದು ಸುಲಭ. ಆದರೆ ಹೊರೆ ದೇಹತೂಕದ ಐದನೇ ಒಂದು ಭಾಗವನ್ನು ಮೀರಬಾರದೆಂಬುದು ನಾನು ಪಾಲಿಸುವ ಲೆಕ್ಕ. ತಂಡದ ತಂಗಿಯೊಬ್ಬಳ ತೂಕ 48 ಕಿಲೋ. ಅವಳ ಮಿತಿ 9.6. ಬಟ್ಟೆ, ಹಾಸಿಗೆಚೀಲಗಳೇ ಆರು ಕಿಲೋ, ಎರಡು ಲೀಟರ್ ನೀರು ಇನ್ನೆರಡು. ನೀರನ್ನು ತೂಕಕ್ಕೆ ಸೇರಿಸದೆ ಲೆಕ್ಕ ಹಾಕುವವರೇ ಹೆಚ್ಚು, ಮೊದಲ ಏರಿನಲ್ಲೇ ಏದುಸಿರು ಬಿಡುವವರೂ ಅವರೇ. ಹಾಗಾಗಿ ಅವಳಿಗೆ ಒಂದೂವರೆ ಕಿಲೋ ಮಾತ್ರ ಕೊಟ್ಟೆ.

"ಹೆಣ್ಣೆಂದು ನನಗೆ ಕಡಿಮೆ ಕೊಡುವುದಾ ಅಣ್ಣ?" ಎಂದು ಅವಳು ಕೇಳಿದಳು.

ಆ ಪ್ರಶ್ನೆ ಈ ವಾರವಿಡೀ ನನ್ನ ಕಿವಿಯಲ್ಲಿದೆ. 52 ಕಿಲೋದ ಸಪೂರ ಹುಡುಗನಿಗೂ ನಾನು ಎರಡೇ ಕಿಲೋ ಕೊಟ್ಟಿದ್ದೆ. ಅವನು ಸಂತೋಷವಾಗಿ ಸುಮ್ಮನಿದ್ದ. 80 ಕಿಲೋದವನಿಗೆ ಏಳೂವರೆ ಕಿಲೋದಷ್ಟು ಜಾಗವಿದ್ದರೂ ಐದೂವರೆಯನ್ನೇ ಕೊಟ್ಟಾಗ ಅವನಿಗೆ ಅದು ಔದಾರ್ಯವೆನಿಸಿತು. ಅದು ಔದಾರ್ಯವಾಗಿರಲಿಲ್ಲ. ಹಿಂದೊಮ್ಮೆ ಇಳಿಜಾರಿನಲ್ಲಿ ಒಬ್ಬನ ಕಾಲು ಉಳುಕಿ, ಅವನ ಒಂಬತ್ತು ಕಿಲೋದ ಚೀಲವನ್ನು ಉಳಿದವರು ಹಂಚಿಕೊಂಡು ಹೊರಬೇಕಾಯಿತು. ಎಲ್ಲರೂ ಮಿತಿಯ ಅಂಚಿನಲ್ಲೇ ಇದ್ದುದರಿಂದ ಕತ್ತಲಾಗುವವರೆಗೂ ಇಳಿದಿದ್ದೆವು. ಅದಲ್ಲದೆ, ಅಕ್ಕಿ ತಿಂದಷ್ಟು ಹಗುರಾದರೂ ಇಬ್ಬನಿಗೆ ನೆನೆದ ಟೆಂಟ್ ಬೆಳಿಗ್ಗೆ ಭಾರವಾಗಿಯೇ ಮಡಚಿಕೊಳ್ಳುತ್ತದೆ.

ಬೇಕು-ಬೇಡಗಳನ್ನು ಆರಿಸುವಾಗ "ಇದು ರಾತ್ರಿ ಇಲ್ಲದಿದ್ದರೆ ಏನಾಗುತ್ತದೆ?" ಎಂದು ಕೇಳುತ್ತಾ ಹೋದೆ. ಟಾರ್ಚ್ ತಲೆಗೊಂದು ಉಳಿಯಿತು, ಏಕೆಂದರೆ ಕತ್ತಲಲ್ಲಿ ಟಾರ್ಚ್ ಹಂಚಿಕೊಂಡು ನಡೆಯಲಾಗದು. ಮೂವರು ತಂದಿದ್ದ ಮೂರು ಚಾಕುಗಳಲ್ಲಿ ಎರಡು, ನಾಲ್ಕು ಶಾಂಪೂ ಬಾಟಲಿಗಳಲ್ಲಿ ನಾಲ್ಕೂ ನಮ್ಮ ಜಗಲಿಯಲ್ಲೇ ಉಳಿದವು.

ಆಗ ತಂಗಿ ತ್ರಾಸಿನ ಕೊಕ್ಕೆಯನ್ನು ಹಿಡಿದು, "ನಿಮ್ಮದು ಇನ್ನೂ ತೂಗಲಿಲ್ಲ ಅಣ್ಣ," ಎಂದಳು. 68 ಕಿಲೋದ ನನ್ನ ಮಿತಿ 13.6, ಚೀಲ ತೂಗಿದ್ದು 16.5. ಮೂರು ಚಾರಣಗಳಲ್ಲಿ ಒಮ್ಮೆಯೂ ಬಿಚ್ಚದ ಹಗ್ಗ 2.2 ಕಿಲೋ, ಸ್ಟೀಲಿನ ಫ್ಲಾಸ್ಕ್ 1.2. ನಾಯಕನ ಬಳಿ ಹಗ್ಗವಿರಬೇಕೆಂಬುದು ನನ್ನ ಹಮ್ಮೇ ಹೊರತು ಆ ದಾರಿಯ ಅಗತ್ಯವಾಗಿರಲಿಲ್ಲ. ಫ್ಲಾಸ್ಕನ್ನೂ ಬಿಟ್ಟು, ಹಗ್ಗವನ್ನು ತೆಗೆದು ಅಂಗಳದ ಮೂಲೆಯ ಅಡಿಕೆ ಗೋಣಿಯ ಮೇಲೆ ಇಟ್ಟೆ. ಅದು ಈಗಲೂ ಅಲ್ಲೇ ಇದೆ.