ದಾಸವಾಳದ ಐದು ಎಸಳುಗಳು ಕೊನೆಗೂ ಎದ್ದು ನಿಂತವು

ಸ್ಟಂಪ್‌ವರ್ಕ್ ಎಂಬ ಉಬ್ಬು ಕಸೂತಿಯಲ್ಲಿ ಮಾಡುತ್ತಿರುವ ಕೆಂಪು ದಾಸವಾಳದ ಐದೂ ಎಸಳುಗಳು ಈಗ ಬಟ್ಟೆಯಿಂದ ಮೇಲೆದ್ದು, ಬೆರಳು ತಾಗಿದರೂ ಹೊರಳದೆ ನಿಂತಿವೆ. ಎಸಳಿನ ಮೈ ತುಂಬಿದ್ದು, ಅಂಚಿಗೆ ಒಂದೆಳೆಯ ಕಾಜಾ ಹೊಲಿಗೆ ಹಾಕಿದ್ದು, ಕತ್ತರಿಸಿದ್ದು ಎಲ್ಲ ಎಂದಿನಂತೆಯೇ. ಕಾಡಿದ್ದು ಅಂಚಿನೊಳಗಿನ ತಂತಿ ಮತ್ತು ಎಸಳಿನ ಬುಡದಲ್ಲಿ ಉಳಿಯುವ ಅದರ ಎರಡು ತುದಿಗಳು, ಅಂದರೆ ಬಾಲಗಳು.

ಮುಂಬೈಯ ಮಳೆಗಾಲದಲ್ಲಿ ಕಾಗದ ಸುತ್ತಿದ ಕಬ್ಬಿಣದ ತಂತಿಯನ್ನು ನಂಬುವಂತಿಲ್ಲ. ಕಾಗದ ತೇವ ಹೀರಿ ಒಳಗೆ ತುಕ್ಕು ಹಿಡಿಯುತ್ತದೆ. ಕತ್ತರಿಸಿದ ತುದಿಯ ಸುತ್ತ ಬಟ್ಟೆಗೆ ಕಂದು ಕಲೆ ಬಂದರೆ ಅದೇ ಗುರುತು. ಸಣ್ಣ ತಂತಿ ಕೇಳಿದರೆ ಸಕ್ಕರೆ ಹೂವಿಗೆ ಬಳಸುವ ದಪ್ಪ ತಂತಿಯನ್ನು ಕೊಟ್ಟು ‘ಎರಡೂ ಒಂದೇ’ ಎನ್ನುವ ಅಂಗಡಿಯವರ ಮೇಲೆ ನನಗೆ ಸಿಟ್ಟಿದೆ, ಏಕೆಂದರೆ ಅದರ ಮೇಲೆ ಕಾಜಾ ಹೊಲಿಗೆ ಉಬ್ಬಿಕೊಂಡು ಎಸಳಿನ ಅಂಚೇ ಕೆಡುತ್ತದೆ. ಹಾಗಾಗಿ ಲೋಹಾರ್ ಚಾಳ್‌ನಿಂದ ಮೋಟರ್ ವೈಂಡಿಂಗ್‌ಗೆ ಬಳಸುವ, ಎನಾಮೆಲ್ ಲೇಪಿಸಿದ 28 ಗೇಜಿನ ತಾಮ್ರದ ತಂತಿ ತಂದೆ. ಇದು ತುಕ್ಕು ಹಿಡಿಯುವುದಿಲ್ಲ. ಆದರೆ ಮೈ ನುಣುಪಾಗಿರುವುದರಿಂದ ದಾರ ಜಾರುತ್ತದೆ. ಕಾಜಾ ಹೊಲಿಗೆ ಶುರುಮಾಡುವ ಮೊದಲು ಸುಮಾರು 3 ಮಿಲಿಮೀಟರಿಗೊಂದು ಅಡ್ಡಹೊಲಿಗೆ ಹಾಕಿ ತಂತಿಯನ್ನು ಬಟ್ಟೆಗೆ ಬಿಗಿದರೆ ಮಾತ್ರ ಅದು ಗೆರೆಯ ಮೇಲೆ ನಿಲ್ಲುತ್ತದೆ.

ಇನ್ನು ನಿಲ್ಲಿಸುವ ಕೆಲಸ. ದಪ್ಪ ಸೂಜಿಯಿಂದ ತೂತು ಮಾಡಿ ಎಸಳಿನ ಎರಡೂ ಬಾಲಗಳನ್ನು ಹಿಂಬದಿಗೆ ಇಳಿಸಿದ ಮೇಲೆ, ಅವನ್ನು ಹೂವಿನ ನಡುವಿನ ಕಡೆಗೆ ಮಡಚಿದರೆ ಹತ್ತು ಬಾಲಗಳು ಒಂದೆಡೆ ಸೇರಿ ಗಂಟಾಗುತ್ತವೆ, ಒಂದನ್ನು ಹೊಲಿಯುವಾಗ ಇನ್ನೊಂದು ಸಡಿಲಗೊಳ್ಳುತ್ತದೆ. ಬಾಲಗಳನ್ನು ಆಯಾ ಎಸಳು ಚಾಚಿರುವ ದಿಕ್ಕಿಗೇ, ಅದರ ಅಡಿಗೇ ಮಡಚಬೇಕು. ಆಗ ಮೇಲೆ ಎಸಳು, ಕೆಳಗೆ ಬಾಲ, ನಡುವೆ ಬಟ್ಟೆ ಸಿಕ್ಕಿಕೊಂಡು, ತಲೆಗೂದಲಿನ ಪಿನ್ನಿನ ಹಾಗೆ ಹಿಡಿತ ಬರುತ್ತದೆ. ಎರಡು ಬಾಲಗಳನ್ನು ಸ್ವಲ್ಪ ಅಗಲಿಸಿ, ಒಂದು ಸೆಂಟಿಮೀಟರಿನಷ್ಟು ಉದ್ದಕ್ಕೆ ಹಿಂಬದಿಯ ಮಸ್ಲಿನ್‌ಗೆ ಹೊಲಿದರೆ ಎಸಳು ಪಕ್ಕಕ್ಕೆ ತಿರುಗುವುದಿಲ್ಲ. ಮುಂಬದಿಯ ರೇಷ್ಮೆಯೊಂದಕ್ಕೇ ಹೊಲಿದರೆ ಅದು ಭಾರಕ್ಕೆ ಸುಕ್ಕುಗಟ್ಟುತ್ತದೆ.

ಎಸಳನ್ನು ಮೇಲಕ್ಕೆತ್ತುವ ಬಾಗು ತೂತಿನ ಬಾಯಲ್ಲೇ ಬರಬಾರದು. ಅಲ್ಲಿ ಬಾಗಿಸಿದರೆ ತಂತಿ ಬಟ್ಟೆಯನ್ನು ಎಳೆದು ತೂತು ಅಗಲವಾಗುತ್ತದೆ. ತೂತಿನಿಂದ ಎರಡು ಮಿಲಿಮೀಟರ್ ಮೇಲೆ ಚಿಮುಟದಿಂದ ಹಿಡಿದು, ಅದಕ್ಕಿಂತ ಮೇಲಿನ ಭಾಗವನ್ನು ಮಾತ್ರ ಬೆರಳಿನಿಂದ ಬಾಗಿಸಬೇಕು. ಪೂಜೆಗೆ ತಂದ ದಾಸವಾಳವನ್ನು ನೋಡಿದರೆ, ಪ್ರತಿ ಎಸಳಿನ ಒಂದು ಅಂಚು ಪಕ್ಕದ ಎಸಳಿನ ಮೇಲೆ, ಇನ್ನೊಂದು ಅಂಚು ಆಚೆಯದರ ಕೆಳಗೆ ಇರುತ್ತದೆ. ಆದ್ದರಿಂದ ಐದನೆಯ ಎಸಳಿನ ಒಂದು ಅಂಚನ್ನು ಮೊದಲನೆಯದರ ಅಡಿಗೆ ತೂರಿಸಬೇಕಾಗುತ್ತದೆ, ಅದಾಗುವವರೆಗೆ ಯಾವ ಬಾಲವನ್ನೂ ಕತ್ತರಿಸಬಾರದು.

ಮುಂದೆ ಪಾರಿಜಾತ ಮಾಡುವ ಆಸೆಯಿದೆ; ಅದರ ಕಿತ್ತಳೆ ತೊಟ್ಟಿಗೆ ಬರಿ ತಂತಿಗೆ ರೇಷ್ಮೆ ದಾರ ಸುತ್ತಿದರೆ ಸಾಕೆಂದು ತೋರುತ್ತದೆ. ಅದಕ್ಕೆ ಮೊದಲು ಈ ದಾಸವಾಳದ ಕೇಸರದ ಕಂಬವನ್ನು ಇಳಿಸಬೇಕು. ಬಾಲಗಳೆಲ್ಲ ಹೊರಕ್ಕೆ ಹೋಗಿರುವುದರಿಂದ ನಡುವೆ ಅದಕ್ಕೆ ಜಾಗ ಉಳಿದಿದೆ.