ಹೋಟೆಲ್ ಮುಚ್ಚುವಾಗ ಕೆಲಸಗಾರರಿಗೆ ಕೊಡಬೇಕಾದ ನೋಟಿಸು ಮತ್ತು ಲೆಕ್ಕ

"ಸರ್, ಹೋಟೆಲ್ ಮುಚ್ತಾ ಇದ್ದೀನಿ. ಇರೋದೇ ಹನ್ನೆರಡು ಜನ. ಬಾಯಲ್ಲಿ ಹೇಳಿ, ಕೊನೇ ತಿಂಗಳ ಸಂಬಳ ಕೊಟ್ರೆ ಸಾಕಲ್ವಾ?"

ಸಾಕಾಗಲ್ಲ. ಹನ್ನೆರಡು ಜನ ಅನ್ನೋ ಕಾರಣಕ್ಕೆ ನಿಮಗೆ ಒಂದು ವಿನಾಯಿತಿ ಇದೆ ನಿಜ. ಐವತ್ತು ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿದ್ದರೆ ಮುಚ್ಚುವ 60 ದಿನ ಮೊದಲೇ ಸರ್ಕಾರಕ್ಕೆ ನೋಟಿಸು ಕೊಡಬೇಕು. ನಿಮಗೆ ಅದು ಬೇಕಿಲ್ಲ. ಆದರೆ ಈ ವಿನಾಯಿತಿ ಸರ್ಕಾರಕ್ಕೆ ಕೊಡುವ ನೋಟಿಸಿಗೆ ಮಾತ್ರ. ಕೆಲಸಗಾರರಿಗೆ ಕೊಡುವ ನೋಟಿಸಿಗೂ ಪರಿಹಾರಕ್ಕೂ ಆ ಐವತ್ತರ ಲೆಕ್ಕ ಇಲ್ಲ. ಒಬ್ಬನೇ ಕೆಲಸಗಾರ ಇದ್ದರೂ ಅವನು ಸತತವಾಗಿ ಒಂದು ವರ್ಷ ದುಡಿದಿದ್ದರೆ ಎರಡೂ ಅವನ ಹಕ್ಕು. ಮೊದಲು ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಇದ್ದದ್ದೂ ಇದೇ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಇದೇ ಉಳಿದಿದೆ.

ಒಂದು ಉದಾಹರಣೆ ಹಿಡಿದು ಹೇಳ್ತೀನಿ. ದಾವಣಗೆರೆಯಲ್ಲಿ ಒಂದು ಹೋಟೆಲ್ ಅಂದುಕೊಳ್ಳಿ. ಕಟ್ಟಡದ ಬಾಡಿಗೆ ಕರಾರು ಮುಗೀತಿದೆ, ಮಾಲೀಕರು 2026ರ ಜೂನ್ 30ಕ್ಕೆ ಬಾಗಿಲು ಹಾಕಬೇಕು. ಅಡುಗೆ ಭಟ್ಟರು ಸೇರಿದ್ದು 2018ರ ನವೆಂಬರ್ 1ಕ್ಕೆ, ಅಂದರೆ ಏಳು ವರ್ಷ ಎಂಟು ತಿಂಗಳು. ಸಂಬಳ 18,000, ಪೂರ್ತಿ ಬೇಸಿಕ್ ಮತ್ತು ಡಿ.ಎ. ಎಂದೇ ಇಟ್ಟುಕೊಳ್ಳೋಣ.

ನೋಟಿಸು ಮೇ 30ರೊಳಗೆ ಕೈಗೆ ಸೇರಬೇಕು. ಒಂದು ತಿಂಗಳ ಮುಂಚಿತ ನೋಟಿಸು, ಅದೂ ಬರಹದಲ್ಲಿ, ಕಾರಣ ಸಮೇತ. ಕೊಡದಿದ್ದರೆ ಅದರ ಬದಲು ಒಂದು ತಿಂಗಳ ಸಂಬಳ ಕೊಡಬೇಕು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಆರು ತಿಂಗಳು ದಾಟಿದವರಿಗೂ ಒಂದು ತಿಂಗಳ ನೋಟಿಸು ಬೇಕು. ಹೋಟೆಲ್ ಆ ಕಾಯ್ದೆಯೊಳಗೇ ಬರುತ್ತದೆ. ಹಾಗಾಗಿ ಎಂಟು ತಿಂಗಳ ಹಿಂದೆ ಸೇರಿದ ಕ್ಲೀನರ್ ಹುಡುಗನಿಗೆ ಪರಿಹಾರ ಇಲ್ಲದಿದ್ದರೂ ನೋಟಿಸನ್ನು ತಪ್ಪಿಸುವಂತಿಲ್ಲ.

ನೋಟಿಸಿಗೆ ದೊಡ್ಡ ಭಾಷೆ ಬೇಡ. ಇಷ್ಟಿದ್ದರೆ ಸಾಕು: "ಕಟ್ಟಡದ ಬಾಡಿಗೆ ಕರಾರು ಮುಗಿಯುತ್ತಿರುವುದರಿಂದ ನಮ್ಮ ಹೋಟೆಲನ್ನು 30-6-2026ರಂದು ಶಾಶ್ವತವಾಗಿ ಮುಚ್ಚುತ್ತಿದ್ದೇವೆ. ಅದೇ ನಿಮ್ಮ ಕೆಲಸದ ಕೊನೆಯ ದಿನ. ನಿಮಗೆ ಬರಬೇಕಾದ ಸಂಬಳ, ರಜೆ ಹಣ, ಪರಿಹಾರ ಮತ್ತು ಗ್ರಾಚ್ಯುಟಿಯ ಲೆಕ್ಕ ಜೊತೆಗಿದೆ." ದಿನಾಂಕ, ಮಾಲೀಕರ ಸಹಿ. ಇನ್ನೊಂದು ಪ್ರತಿಯಲ್ಲಿ ಕೆಲಸಗಾರರ ಸಹಿ, ಅದು ನೋಟಿಸು ತಲುಪಿದ್ದಕ್ಕೆ ಮಾತ್ರ. "ಬಾಕಿ ಏನೂ ಇಲ್ಲ" ಅನ್ನೋ ಸಾಲನ್ನು ಅದೇ ಹಾಳೆಗೆ ತುರುಕಬೇಡಿ.

ನಾನು ಕಂಡಂತೆ ಜಾಸ್ತಿ ಕೆಡೋದು ಇನ್ನೊಂದು ಕಡೆ. "ಎಲ್ರೂ ಒಂದು ರಾಜೀನಾಮೆ ಬರೆದುಕೊಡಿ, ಫಾರ್ಮಾಲಿಟಿಗೆ" ಅಂತ ಯಾರೋ ಮಾಲೀಕರಿಗೆ ಹೇಳಿಕೊಟ್ಟಿರುತ್ತಾರೆ. ಅದು ಫಾರ್ಮಾಲಿಟಿ ಅಲ್ಲ. ತಾನಾಗಿ ಬಿಟ್ಟು ಹೋದವನಿಗೆ ಮುಚ್ಚುವಿಕೆಯ ಪರಿಹಾರ ಸಿಗಲ್ಲ, ನೋಟಿಸಿನ ಸಂಬಳವೂ ಸಿಗಲ್ಲ. ಆ ಒಂದು ಹಾಳೆಯ ಬೆಲೆ ಭಟ್ಟರಿಗೆ 72,000 ರೂಪಾಯಿ. ಕೆಲಸಗಾರರು ಇದನ್ನು ಓದುತ್ತಿದ್ದರೆ, ಮುಚ್ಚುವ ಹೋಟೆಲಿಗೆ ರಾಜೀನಾಮೆ ಬರೆದುಕೊಡಬೇಡಿ. ಮಾಲೀಕರಿಗೂ ಅದರಿಂದ ರಕ್ಷಣೆ ಕಡಿಮೆಯೇ. ಹನ್ನೆರಡು ಜನ ಒಂದೇ ದಿನ, ಒಂದೇ ಕೈಬರಹದಲ್ಲಿ ರಾಜೀನಾಮೆ ಕೊಟ್ಟರು ಅಂದರೆ ಯಾರು ನಂಬ್ತಾರೆ?

ಆ 72,000 ಎಲ್ಲಿಂದ ಬಂತು ಅಂದ್ರೆ, ಪರಿಹಾರದ ಲೆಕ್ಕ ವರ್ಷಕ್ಕೆ ಹದಿನೈದು ದಿನದ ಸರಾಸರಿ ಸಂಬಳ. ಆರು ತಿಂಗಳು ಮೀರಿದ ಚೂರನ್ನು ಒಂದು ವರ್ಷ ಎಂದೇ ಹಿಡಿಯಬೇಕು. ಭಟ್ಟರದು ಎಂಟು ವರ್ಷ ಆಯಿತು. ಅರ್ಧ ತಿಂಗಳಿಗೆ 9,000, ಎಂಟರಿಂದ ಗುಣಿಸಿದರೆ 72,000.

ಗ್ರಾಚ್ಯುಟಿ ಬೇರೆ. ಅದು ಹತ್ತು ಜನ ಅಥವಾ ಮೇಲ್ಪಟ್ಟು ಇರುವ ಕಡೆ, ಸಾಮಾನ್ಯವಾಗಿ ಐದು ವರ್ಷ ತುಂಬಿದವರಿಗೆ. ಒಮ್ಮೆ ಅನ್ವಯವಾದರೆ ಮುಂದೆ ಜನ ಕಡಿಮೆಯಾದರೂ ಹೋಗಲ್ಲ. ಹಾಗಾಗಿ "ಈಗ ಎಂಟೇ ಜನ ಉಳಿದಿದ್ದಾರೆ" ಅನ್ನೋ ಮಾತು ನಡೆಯಲ್ಲ. ಇಲ್ಲಿ ತಿಂಗಳನ್ನು 26 ದಿನ ಎಂದು ಹಿಡಿಯುತ್ತಾರೆ: 18,000ವನ್ನು 26ರಿಂದ ಭಾಗಿಸಿ, 15ರಿಂದ ಮತ್ತು 8ರಿಂದ ಗುಣಿಸಿದರೆ 83,077. ಪರಿಹಾರಕ್ಕೆ ಅರ್ಧ ತಿಂಗಳು, ಗ್ರಾಚ್ಯುಟಿಗೆ 26. ಇವೆರಡನ್ನು ಬೆರೆಸಿ ಲೆಕ್ಕ ಕೆಡಿಸಿಕೊಳ್ಳುವವರು ತುಂಬಾ ಜನ. ಒಂದನ್ನು ಕೊಟ್ಟು ಇನ್ನೊಂದು ಅದರಲ್ಲೇ ಸೇರಿದೆ ಅನ್ನೋರೂ ಇದ್ದಾರೆ. ಎರಡೂ ಬೇರೆ ಬೇರೆ, ಎರಡೂ ಕೊಡಬೇಕು.

ಇದರ ಮೇಲೆ ಜೂನ್ ಸಂಬಳ 18,000. ಬಾಕಿ ಹನ್ನೆರಡು ದಿನ ರಜೆ ಇದ್ದು ದಿನಕ್ಕೆ 600 ಹಿಡಿದರೆ 7,200. ಒಟ್ಟು 1,80,277. ನಾಲ್ಕು ವರ್ಷ ದುಡಿದ, 15,000 ಸಂಬಳದ ಸಪ್ಲೈಯರ್‌ಗೆ ಗ್ರಾಚ್ಯುಟಿ ಇಲ್ಲ, ಆದರೆ 30,000 ಪರಿಹಾರ ಇದೆ. ಮಾಲೀಕರು ಕಣ್ಣು ಬಾಯಿ ಬಿಡುವುದು ಇಲ್ಲೇ. ಅದಕ್ಕೇ ಮುಚ್ಚುವ ತೀರ್ಮಾನಕ್ಕಿಂತ ಮೊದಲು ಈ ಪಟ್ಟಿ ಹಾಕಿ ನೋಡಿ ಅನ್ನೋದು. ಪಾತ್ರೆ, ಗ್ರೈಂಡರ್ ಮಾರಿದ ಹಣ ಸಾಲಗಾರರಿಗೆ ಹೋದ ಮೇಲೆ ನೋಡಿದರೆ ಪ್ರಯೋಜನ ಇಲ್ಲ.

"ಕಟ್ಟಡದವರು ಬಿಡಿಸಿದ್ರು, ನನ್ನ ತಪ್ಪಲ್ಲ, ಪರಿಹಾರ ಯಾಕೆ?" ಅಂತ ಕೇಳ್ತಾರೆ. ಮಾಲೀಕರ ಕೈ ಮೀರಿದ ಕಾರಣಕ್ಕೆ ಮುಚ್ಚಿದರೆ ಪರಿಹಾರ ಮೂರು ತಿಂಗಳ ಸರಾಸರಿ ಸಂಬಳ ದಾಟಬಾರದು ಅನ್ನೋ ಮಿತಿ ಕಾನೂನಿನಲ್ಲಿದೆ. ಆದರೆ ನಷ್ಟ, ಮಾರಾಟವಾಗದ ದಾಸ್ತಾನು, ಮುಗಿದ ಬಾಡಿಗೆ ಕರಾರು ಇವಷ್ಟೇ ಕಾರಣವಾದರೆ ಕೈ ಮೀರಿದ್ದು ಅನ್ನಿಸಿಕೊಳ್ಳಲ್ಲ ಎಂದು ಅದೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಭಟ್ಟರಿಗೆ ಮಿತಿ ಹಾಕಿ 54,000 ಕೊಡುವ ಹಾಗಿಲ್ಲ.

ಯಾವಾಗ ಕೊಡಬೇಕು? ವೇತನ ಸಂಹಿತೆ ಪ್ರಕಾರ ಮುಚ್ಚಿದ ಎರಡು ಕೆಲಸದ ದಿನಗಳೊಳಗೆ ಸಂಬಳ. ಜೂನ್ 30 ಮಂಗಳವಾರ, ಹಾಗಾಗಿ ಜುಲೈ 2ರ ಗುರುವಾರದೊಳಗೆ. ಗ್ರಾಚ್ಯುಟಿಗೆ 30 ದಿನ, ತಡವಾದರೆ ಬಡ್ಡಿ. ಪರಿಹಾರ ಕೊಟ್ಟಿಲ್ಲ ಅಂತ ಮುಚ್ಚಿದ್ದೇ ಅಸಿಂಧು ಆಗಲ್ಲ. ಸುಪ್ರೀಂ ಕೋರ್ಟ್ 1960ರಲ್ಲೇ ಹಾಗೆ ಹೇಳಿದೆ. ಆದರೆ ಸಾಲ ನಿಮ್ಮ ಮೇಲೆ ಹಾಗೇ ಉಳಿಯುತ್ತದೆ, ಲೇಬರ್ ಆಫೀಸು ಹುಡುಕಿಕೊಂಡು ಬರುತ್ತದೆ.

ಹೋಟೆಲ್‌ಗಳಲ್ಲಿ ಅಡ್ವಾನ್ಸ್ ಇಲ್ಲದವರೇ ಅಪರೂಪ. ಕೊಟ್ಟ ಅಡ್ವಾನ್ಸನ್ನು ಸಂಬಳದಲ್ಲಿ ಹಿಡಿಯಬಹುದು, ಎಲ್ಲ ಕಡಿತ ಸೇರಿ ಸಂಬಳದ ಅರ್ಧ ಮೀರಬಾರದು. ಗ್ರಾಚ್ಯುಟಿಯಲ್ಲಿ ಹಿಡಿಯುವ ಹಾಗಿಲ್ಲ. ಹಣವನ್ನು ಬ್ಯಾಂಕಿಗೇ ಹಾಕಿ. ನಗದು ಕೊಟ್ಟು ಸಹಿ ಹಾಕಿಸಿಕೊಂಡರೆ, ನಾಳೆ "ಖಾಲಿ ಹಾಳೆಗೆ ಸಹಿ ಹಾಕಿಸಿದ್ರು" ಅಂದಾಗ ನಿಮ್ಮ ಹತ್ತಿರ ಉತ್ತರ ಇರಲ್ಲ.

ಇಎಸ್‌ಐ ಮತ್ತು ಪಿಎಫ್ ಇದ್ದರೆ ಜೂನ್ ಕಂತನ್ನು ಜುಲೈ 15ರೊಳಗೆ ಕಟ್ಟಿ, ಪ್ರತಿಯೊಬ್ಬರ ಕೊನೆಯ ದಿನವನ್ನು ಪೋರ್ಟಲ್‌ನಲ್ಲಿ ಹಾಕಿ. ಪಿಎಫ್‌ನಲ್ಲಿ ಆ ದಿನಾಂಕ ಹಾಕದಿದ್ದರೆ ಕೆಲಸಗಾರರ ಕ್ಲೇಮು ಅಲ್ಲೇ ನಿಲ್ಲುತ್ತದೆ. ಮಾಲೀಕರು ಹಾಕದೇ ಹೋದರೆ, ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಕೆಲಸಗಾರರೇ ತಮ್ಮ ಯುಎಎನ್ ಲಾಗಿನ್‌ನಲ್ಲಿ ಹಾಕಿಕೊಳ್ಳಬಹುದು. ಅಂಗಡಿ ಕಾಯ್ದೆಯ ನೋಂದಣಿ ರದ್ದಿಗೆ ಲೇಬರ್ ಇನ್‌ಸ್ಪೆಕ್ಟರ್‌ಗೆ ಬರಹದಲ್ಲಿ ತಿಳಿಸಿ. ಇಎಸ್‌ಐ ಕೋಡನ್ನು ಸುಮ್ನೆ ಬಿಟ್ಟರೆ, ಹೋಟೆಲ್ ಇಲ್ಲದ ಜಾಗದಿಂದಲೂ ಕಂತು ಕೇಳಿ ನೋಟಿಸು ಬರುತ್ತಿರುತ್ತದೆ.

ಹಾಜರಿ ಪುಸ್ತಕ, ಸಂಬಳದ ರಿಜಿಸ್ಟರು ಇವನ್ನು ಗುಜರಿಗೆ ಹಾಕಬೇಡಿ. ಕೆಲಸಗಾರರು ಬಾಕಿ ಸಂಬಳಕ್ಕೆ ಮೂರು ವರ್ಷದವರೆಗೂ ಅರ್ಜಿ ಹಾಕಬಹುದು.