ಗ್ರಾಮರ್‌ಗಿಂತ ಮೊದಲು ಕಿವಿ

"ಗ್ರಾಮರೇ ಹೇಳಿಕೊಡದೆ ಅದೆಂಥ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಮೇಡಂ?"

ನನ್ನ ಬ್ಯಾಚಿಗೆ ಬರುವವರು ಕ್ಯಾಬ್ ಡ್ರೈವರ್‌ಗಳು, ಸೀರೆ ಅಂಗಡಿಯಲ್ಲಿ ಕೆಲಸ ಮಾಡುವವರು. ಹೆಚ್ಚಿನವರು ಎಸ್ಸೆಸ್ಸೆಲ್ಸಿ ಓದಿದವರು. ಟೆನ್ಸ್‌ಗಳನ್ನು ಉರು ಹೊಡೆದೇ ಪಾಸಾಗಿದ್ದಾರೆ. ಅದರಿಂದಲೇ ಮಾತು ಬರುವ ಹಾಗಿದ್ದರೆ ದಿನವಿಡೀ ನಿಂತು ಗಿರಾಕಿಗೆ ಸೀರೆ ಬಿಡಿಸಿ ತೋರಿಸಿದವರು ರಾತ್ರಿ ನನ್ನೆದುರು ಯಾಕೆ ಬಂದು ಕೂರಬೇಕು? ಗ್ರಾಮರ್ ಯಾಕಿಲ್ಲ ಅಂತ ಯಾವ ಡ್ರೈವರೂ ನನ್ನನ್ನು ಕೇಳಿಲ್ಲ. ಕೇಳುವವರೆಲ್ಲ ಮಕ್ಕಳನ್ನು ಕಾನ್ವೆಂಟಿಗೆ ಕಳಿಸುವವರು.

ನನ್ನ ಬ್ಯಾಚಿನವರು ಎಡವುವುದು ಎಲ್ಲಿ ಅಂತ ಕೇಳಿ, ಖುಷಿಯಿಂದ ಹೇಳುತ್ತೇನೆ. ಬಾಯಿಗಿಂತ ಮೊದಲು ಕಿವಿಯಲ್ಲಿ, ಅದೂ ಫೋನಿನಲ್ಲಿ.

ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುವ ಒಬ್ಬರಿಗೆ ಅಪಾರ್ಟ್‌ಮೆಂಟಿನಿಂದ ಕರೆ ಬಂತು. "ಐ ಯಾಮ್ ನಾಟ್ ಅಟ್ ದ ಮೇನ್ ಗೇಟ್, ಕಮ್ ಟು ಗೇಟ್ ಟೂ." ಇವರು "ಓಕೆ ಓಕೆ ಸರ್" ಎಂದು ಹೋಗಿ ನಿಂತದ್ದು ಮೇನ್ ಗೇಟಿನಲ್ಲೇ. ಟ್ರಿಪ್ ಕ್ಯಾನ್ಸಲ್ ಆಯಿತು. ಅದೇ ವಾಕ್ಯವನ್ನು ಬೋರ್ಡಿನ ಮೇಲೆ ಬರೆದಾಗ ಸರಾಗವಾಗಿ ಅರ್ಥ ಹೇಳಿದರು.

ನಾವು "ಮೇನ್ ಗೇಟಲ್ಲಿ ಇಲ್ಲ" ಅನ್ನುತ್ತೇವೆ. ಇಲ್ಲ, ಅಲ್ಲ, ಬೇಡ ಎಲ್ಲ ಕೊನೆಯಲ್ಲೇ ಬರುತ್ತವೆ, ಕಿವಿ ಅಲ್ಲೇ ಕಾಯುತ್ತಿರುತ್ತದೆ. ಇಂಗ್ಲಿಷಿನ 'ನಾಟ್' ಮೊದಲೇ ಬಂದು, ಕಿವಿ ತಪ್ಪಿಸಿ ಹೋಗಿಬಿಡುತ್ತದೆ. ಉಳಿಯುವುದು ಒತ್ತಿ ಹೇಳಿದ 'ಮೇನ್ ಗೇಟ್'. ಟ್ರಾಫಿಕ್ ಗದ್ದಲ ಬೇರೆ.

ಹಾಗಾಗಿ ಕ್ಲಾಸಿನಲ್ಲಿ ಇಬ್ಬರನ್ನು ಬೆನ್ನಿಗೆ ಬೆನ್ನು ಮಾಡಿ ಕೂರಿಸುತ್ತೇನೆ. ಮುಖ ಕಂಡರೆ ಸನ್ನೆಯಲ್ಲೇ ಅರ್ಥ ಮಾಡಿಕೊಳ್ಳುತ್ತಾರೆ. ಒಬ್ಬರು ಜಾಗ ಹೇಳಬೇಕು, ಇನ್ನೊಬ್ಬರು 'ಓಕೆ' ಅನ್ನುವ ಮೊದಲು "ಗೇಟ್ ಟೂ ಆರ್ ಮೇನ್ ಗೇಟ್, ಸರ್?" ಎಂದು ಕೇಳಲೇಬೇಕು. "ನಾಟ್ ಮೇನ್ ಗೇಟ್?" ಎಂದು ಕೇಳಲು ಬಿಡುವುದಿಲ್ಲ. ಅದಕ್ಕೆ ನಾವು "ಹೌದು, ಅಲ್ಲ" ಅನ್ನುತ್ತೇವೆ, ಇಂಗ್ಲಿಷಿನವರು "ನೋ" ಅನ್ನುತ್ತಾರೆ. ಆ ನೋ ಕೇಳಿ ನಮ್ಮವರು ಮತ್ತೆ ಮೇನ್ ಗೇಟಿಗೇ ಗಾಡಿ ತಿರುಗಿಸುತ್ತಾರೆ. ಎರಡು ಹೆಸರು ಮುಂದಿಟ್ಟು ಕೇಳಿದರೆ ಉತ್ತರವಾಗಿ ಒಂದು ಹೆಸರೇ ಬರುತ್ತದೆ.

ಸೀರೆ ಅಂಗಡಿಯವರಿಗೂ ಇದೇ ಅಭ್ಯಾಸ. "ಸಿಲ್ಕ್ ಆರ್ ಕಾಟನ್, ಮೇಡಂ?" ಗಿರಾಕಿ "ನಾಟ್ ಸಿಲ್ಕ್" ಅಂದಾಗ ರೇಷ್ಮೆ ಕಟ್ಟಿಗೆ ಕೈ ಹೋದರೆ ಪಾಠ ಇನ್ನೂ ಹತ್ತಿಲ್ಲ ಎಂದರ್ಥ. ಬೇಗಬೇಗ 'ಓಕೆ ಓಕೆ' ಅನ್ನುವವರ ಮೇಲೂ ನನಗೆ ಒಂದು ಕಣ್ಣು. ತಿರುಗಿ ಪ್ರಶ್ನೆ ಕೇಳತೊಡಗಿದ ದಿನ ಅವರು ದಾರಿಗೆ ಬಂದರು ಅನ್ನುತ್ತೇನೆ.

ಸಿಟ್ಟಾಗಿ ಗಡಗಡ ಮಾತಾಡುವ ಪ್ಯಾಸೆಂಜರ್ ಎದುರು ಇದೊಂದೇ ಸಾಲದು, ನಿಜ. ಅದಕ್ಕೆ "ಸ್ಲೋಲಿ, ಸರ್" ಎಂದು ಅಳುಕದೆ ಹೇಳುವುದನ್ನೂ ಕಲಿಸುತ್ತೇನೆ. ಗ್ರಾಮರೂ ಬರುತ್ತದೆ. ನಿನ್ನೆ ಬಂದ ಸ್ಟಾಕ್, ನಾಳೆ ಬರುವ ಸ್ಟಾಕ್ ಬಗ್ಗೆ ಗಿರಾಕಿಗೆ ಹೇಳಬೇಕಾದಾಗ ಅವರೇ ಕೇಳುತ್ತಾರೆ. ಆಗ ಹೇಳಿಕೊಡುತ್ತೇನೆ.